ಮೂರು ಸಾವಿರದೊಳಗಿನ ಸೋರಿಕೆ

ನಾನಿರುವುದು ಪುಣೆಯಲ್ಲಿ, ನನ್ನ ಮನೆಯಿರುವುದು ಮೈಸೂರಿನಲ್ಲಿ. ನಡುವೆ ಒಬ್ಬ ಮ್ಯಾನೇಜರ್ ಮಹಾಶಯರು. ಬಾಡಿಗೆ 22,000, ಅವರ ಫೀಸು ನೂರಕ್ಕೆ ಎಂಟರಂತೆ 1,760. 'ಒಂದು ರಿಪೇರಿಗೆ 3,000 ರೂಪಾಯಿವರೆಗೆ ಮಾಲೀಕರನ್ನು ಕೇಳಬೇಕಿಲ್ಲ' ಎಂಬ ಕಲಮನ್ನು ಬರೆಸಿದವನು ನಾನೇ. ನಲ್ಲಿ ತೊಟ್ಟಿಕ್ಕಿದ್ದಕ್ಕೆಲ್ಲ ಆಫೀಸಿಗೆ ಫೋನ್ ಬರಬಾರದೆಂಬ ಜಾಣತನ.

ಒಮ್ಮೆ ಓವರ್‌ಹೆಡ್ ಟ್ಯಾಂಕು ಸೋರಿತು. ತಿಂಗಳ ಕೊನೆಗೆ ನಾಲ್ಕು ಬಿಲ್ಲು ಬಂದವು: ಬಾಲ್ ವಾಲ್ವಿಗೆ 2,900, ಪೈಪಿಗೆ 2,800, ಪ್ಲಂಬರ್ ಕೂಲಿ 2,950, 'ಸಿಮೆಂಟು ಇತ್ಯಾದಿ' 2,400. ನಾಲ್ಕಕ್ಕೂ ಒಂದೇ ತಾರೀಖು, ಒಂದೇ ಕೈಬರಹ. ಒಟ್ಟು 11,050 ಆದರೂ ಯಾವುದೊಂದೂ ಮೂರು ಸಾವಿರದ ಗೆರೆ ದಾಟಿರಲಿಲ್ಲ. ಫೀಸೂ ಕಳೆದು ನನ್ನ ಖಾತೆಗೆ ಬಿದ್ದದ್ದು 9,190.

"ಇದೆಲ್ಲ ಒಂದೇ ರಿಪೇರಿ ಅಲ್ವಾ?" ಎಂದೆ.

"ಇಲ್ಲ ಸಾರ್, ವಾಲ್ವ್ ಬೇರೆ, ಪೈಪ್ ಬೇರೆ. ಕರಾರಲ್ಲೇ ಇದೆಯಲ್ಲ ಸಾರ್, ಒಂದು ರಿಪೇರಿಗೆ ಅಂತ."

ಇತ್ತು. ಕೆಳಗೆ ನನ್ನ ಸಹಿಯೂ ಇತ್ತು.

ಮನೆ ಎರಡು ತಿಂಗಳು ಖಾಲಿ ಬಿದ್ದಾಗಲೂ ಫೀಸು ತಪ್ಪಲಿಲ್ಲ. 'ಮನೆಯ ಬಾಡಿಗೆಯ ಮೇಲೆ' ಎಂದು ಬರೆದಿತ್ತೇ ಹೊರತು 'ಕೈಗೆ ಬಂದ ಬಾಡಿಗೆಯ ಮೇಲೆ' ಎಂದಿರಲಿಲ್ಲ. ಇನ್ನು ವರದಿ ಎಂದರೆ ಒಂದು ಗುಲಾಬಿ ಹೂವಿನ ಚಿತ್ರ, ಕೆಳಗೆ 'ಎಲ್ಲಾ ಚೆನ್ನಾಗಿದೆ ಸಾರ್'. ಗದರಿದ ಮೇಲೆ ಫೋಟೋಗಳು ಬಂದವು. ನವೆಂಬರಿನ ವರದಿಯಲ್ಲಿ ಹಾಲಿನ ಗೋಡೆಯ ಕ್ಯಾಲೆಂಡರು ಜುಲೈ ತೋರಿಸುತ್ತಿರುವುದನ್ನು ಮೊದಲು ಕಂಡವಳು ನನ್ನ ಹೆಂಡತಿ. ಬಾಡಿಗೆಯವರು ಹಾಳೆ ಹರಿಯುವುದಿಲ್ಲವೇನೋ ಎಂದು ನಾನು ವಾದಿಸಿ ನೋಡಿದೆ. "ಆಗಸ್ಟಿನಲ್ಲೇ ಅವರು ಖಾಲಿ ಮಾಡಿದ್ರಲ್ಲ" ಎಂದಳು.

ಈ ವರ್ಷ ಕರಾರನ್ನು ಹೊಸದಾಗಿ ಬರೆಸಿದೆ. ಮಿತಿ ಈಗ ಒಂದು ರಿಪೇರಿಗಲ್ಲ, ಇಡೀ ತಿಂಗಳಿಗೆ 4,000. ಅದು ಮೀರುವಂತಿದ್ದರೆ ಮೊದಲೇ ಎರಡು ಕಡೆಯ ಅಂದಾಜುಪಟ್ಟಿ ಕಳಿಸಬೇಕು. ನೀರು, ಕರೆಂಟು, ಸೋರುವ ಸೂರು, ಈ ಮೂರು ಮಾತ್ರ ತುರ್ತು. ಆಗಲೂ ಫೋನ್ ಮಾಡಬೇಕು. ಎರಡು ಗಂಟೆ ನಾನು ಎತ್ತದಿದ್ದರೆ 8,000ದವರೆಗೆ ಖರ್ಚು ಮಾಡಿ ಮಾರನೇ ದಿನ ಅಂಗಡಿಯ ಅಸಲು ಬಿಲ್ಲು ಕಳಿಸಬಹುದು. ಫೀಸು ಕೈಗೆ ಬಂದ ಬಾಡಿಗೆಗೆ ಮಾತ್ರ. ಪ್ರತಿ ತಿಂಗಳ 7ರೊಳಗೆ ಬಾಡಿಗೆ ಬಂದ ದಿನ, ಖರ್ಚು, ಉಳಿಕೆಯ ಲೆಕ್ಕ; ರಿಪೇರಿಗೆ ಮುಂಚಿನದೊಂದು, ಆಮೇಲಿನದೊಂದು ಫೋಟೋ.

ಮಹಾಶಯರು ಕಮಕ್ ಕಿಮಕ್ ಎನ್ನದೆ ಸಹಿ ಹಾಕಿದರು. ಅಷ್ಟು ಸಲೀಸಾಗಿ ಹಾಕಿದ್ದೇ ನನಗೆ ಅನುಮಾನ. ಹೋದ ತಿಂಗಳ ವರದಿ 6ನೇ ತಾರೀಖಿಗೇ ಬಂತು. ಲೆಕ್ಕ ಪೈಸೆಗೆ ಪೈಸೆ ಸರಿ. ಹಿತ್ತಲಿನ ಫೋಟೋದಲ್ಲಿ ತೆಂಗಿನಮರವೂ ಇತ್ತು, ಒಂದು ಕಾಯಿಯೂ ಇಲ್ಲದೆ. ಕರಾರನ್ನು ಎರಡು ಸಲ ಓದಿದೆ. ತೆಂಗಿನಕಾಯಿಯ ವಿಷಯ ಬರೆಸಿಲ್ಲ.