ಇಲ್ಲದವರನ್ನೂ ಕರೆಯಬೇಕು

ಡೇಟಾ ಸ್ಟ್ರಕ್ಚರ್ಸ್ ಉತ್ತರಪತ್ರಿಕೆ ತಿದ್ದುವವರಿಗೆ ಮರಗಿಡಗಳ ಮೇಲಿನ ಪ್ರೀತಿ ಬೇಗ ಹೊರಟುಹೋಗುತ್ತದೆ. ಬೇರು ಮೇಲೆ, ಎಲೆ ಕೆಳಗೆ, ಅದೂ ಪುಟದ ಬಲ ಮಾರ್ಜಿನ್ ದಾಟಿ ಪಕ್ಕದ ಪ್ರಶ್ನೆಯ ಉತ್ತರಕ್ಕೆ ಕೊಂಬೆ ಚಾಚಿದ ಮರಗಳು. ಆದರೂ ಆ ಕೊಂಬೆಗಳನ್ನು ಬಿಟ್ಟು ಬರೀ ಉತ್ತರದ ಸಾಲು ಬರೆದವರ ಪತ್ರಿಕೆ ಕಂಡರೆ ನನಗೆ ಇನ್ನೂ ಭಯ. ಉತ್ತರ ತಪ್ಪಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕಿ ಅರ್ಧ ಮಾರ್ಕ್ಸ್ ಕೊಡಲೂ ದಾರಿ ಇರುವುದಿಲ್ಲ.

ನಾನು ಕೊಡುವ ಮರ ತೀರಾ ಚಿಕ್ಕದು. ಮೇಲೆ 50. ಅದರ ಎಡಕ್ಕೆ 30, ಬಲಕ್ಕೆ 70. 30ಕ್ಕೆ ಎಡಗಡೆ ಯಾರೂ ಇಲ್ಲ, ಬಲಕ್ಕೆ 40. ಇಷ್ಟೇ. ಕೋಡ್ ಕೂಡ ಎಲ್ಲರಿಗೂ ಬಾಯಿಪಾಠ:

```c
void inorder(struct node *t)
{
    if (t == NULL) return;
    inorder(t->left);
    printf("%d ", t->data);
    inorder(t->right);
}
```

ಇನ್‌ಆರ್ಡರ್ ಬರೆಯಿರಿ ಎಂದರೆ ತರಗತಿಯ ಒಂದು ಪಾಲು ಧೈರ್ಯವಾಗಿ 40 30 50 70 ಎಂದು ಬರೆದುಕೊಡುತ್ತದೆ. ‘ಎಡಗಡೆ ತುದಿಯವರೆಗೆ ಇಳಿ’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. 30ರ ಕೆಳಗೆ 40 ಒಂದೇ ಇರುವುದರಿಂದ ಪೆನ್ಸಿಲ್ ಸಲೀಸಾಗಿ ಅಲ್ಲಿಗೆ ಜಾರುತ್ತದೆ. ಹುಡುಗನೊಬ್ಬನನ್ನು ಕೇಳಿದೆ. “ಸಾರ್, 30ಕ್ಕೆ ಎಡಗಡೆ ಯಾರೂ ಇಲ್ವಲ್ಲ, ಇನ್ಯಾರನ್ನ ಕರೀಲಿ?” ಎಂದ.

ಇಲ್ಲದವರನ್ನೂ ಕರೆಯಬೇಕು ಕಣಪ್ಪ! ಕೋಡ್ ಬಡಪಾಯಿಗೆ ಅಲ್ಲಿ ಯಾರೂ ಇಲ್ಲವೆಂದು ಮೊದಲೇ ಗೊತ್ತಿರುವುದಿಲ್ಲ. 30ರ ಎಡಕ್ಕೂ ಒಮ್ಮೆ `inorder(NULL)` ಎಂದು ಕೂಗುತ್ತದೆ, ಖಾಲಿ ಕೈಯಲ್ಲಿ ವಾಪಸಾಗುತ್ತದೆ, ಆಮೇಲೆ 30 ಅನ್ನು ಅಚ್ಚು ಹಾಕುತ್ತದೆ, ಅದಾದ ಮೇಲೇ 40ರ ಸರದಿ. ಕಾಲ್ ಟ್ರೀಯಲ್ಲಿ ಆ NULL ಅನ್ನೂ ಒಂದು ಚೌಕವಾಗಿ ಬರೆದು ಅಡ್ಡಗೆರೆ ಹೊಡೆದಿದ್ದರೆ ಪೆನ್ಸಿಲ್ ಜಾರುತ್ತಿರಲಿಲ್ಲ. ನಾಲ್ಕು ನೋಡ್‌ಗಳ ಈ ಮರಕ್ಕೆ ಐದು NULL ಕರೆಗಳು, ಒಟ್ಟು 9 ಚೌಕ. n ನೋಡ್ ಇದ್ದರೆ ಕರೆಗಳು 2n+1. ಬರೆದು ಮುಗಿಸಿ ಎಣಿಸಿದರೆ ಯಾರನ್ನಾದರೂ ಬಿಟ್ಟಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಹತ್ತು ನೋಡ್‌ಗೆ 21 ಚೌಕ ಅರ್ಧ ಪುಟದಲ್ಲಿ ಹಿಡಿಸುವುದಿಲ್ಲ ಎಂಬುದೂ ನಿಜ. ಆಗ ಎಲೆಗಳ ಕೆಳಗಿನ NULL ಬಿಡಲಿ, ನನ್ನ ತಕರಾರಿಲ್ಲ. ಒಂಟಿ ಮಗುವಿರುವ ನೋಡ್‌ನ ಖಾಲಿ ಬದಿಯನ್ನು ಮಾತ್ರ ಬಿಡಬಾರದು.

ಇನ್ನೊಂದು ಗೋಳು ವಾಪಸು ಬರುವುದರದ್ದು. 40ರ ಕೆಲಸ ಮುಗಿಯಿತು, ಈಗ ಎಲ್ಲಿಗೆ? ಕೆಲವರು ಸೀದಾ 50ಕ್ಕೆ ಹಾರಿ ಮತ್ತೆ ಎಡಕ್ಕೆ ಇಳಿಯುತ್ತಾರೆ, 30 ಎರಡು ಸಲ ಬರುತ್ತದೆ. ವಾಪಸು ಹೋಗಬೇಕಾದ್ದು ಕರೆದವರ ಬಳಿಗೆ, ಅದೂ ಕರೆದ ಸಾಲಿನ ಮುಂದಿನ ಸಾಲಿಗೆ. ಅದಕ್ಕೇ ಪ್ರತಿ ಚೌಕದ ಕೆಳಗೆ ಎ, ಮು, ಬ ಎಂದು ಚಿಕ್ಕದಾಗಿ ಬರೆದುಕೊಳ್ಳಿ ಎನ್ನುತ್ತೇನೆ: ಎಡ, ಮುದ್ರಣ, ಬಲ. ಒಂದೊಂದು ಮುಗಿದಂತೆ ಟಿಕ್. 40ರಿಂದ ಮೇಲೆ ಬಂದಾಗ 30ರಲ್ಲಿ ಮೂರೂ ಟಿಕ್ ಆಗಿದೆ, ಅದರ ಅಂಗಡಿ ಬಂದ್. ಇನ್ನೂ ಮೇಲೆ ಹೋದರೆ 50ರಲ್ಲಿ ಎ ಮಾತ್ರ ಟಿಕ್ ಆಗಿದೆ, ಆದ್ದರಿಂದ ಈಗ 50 ಅಚ್ಚಾಗಬೇಕು. ಸ್ಟಾಕ್ ತೋರಿಸಿ ಎಂದು ಕೇಳಿದ್ದರೆ ಬೇರೆ ಚಿತ್ರವೂ ಬೇಡ. ಬೇರಿನಿಂದ ಈಗಿರುವ ಚೌಕದವರೆಗಿನ ದಾರಿಯೇ ಸ್ಟಾಕ್.

ನನಗೆ ನಿಜವಾಗಿ ಸಂಕಟವಾಗುವುದು ಪ್ರಿಆರ್ಡರ್, ಇನ್‌ಆರ್ಡರ್, ಪೋಸ್ಟ್‌ಆರ್ಡರ್ ಮೂರಕ್ಕೂ ಮೂರು ಮರ ಬರೆದು, ಅಡಿಷನಲ್ ಶೀಟ್ ಕೇಳಿ, ಕೊನೆಗೆ ಗಂಟೆ ಬಾರಿಸಿದಾಗ ಪೋಸ್ಟ್‌ಆರ್ಡರನ್ನು ಅರ್ಧಕ್ಕೆ ಬಿಟ್ಟವರನ್ನು ಕಂಡಾಗ. ಮೂರರಲ್ಲೂ ಕರೆಗಳು ಅವೇ ಒಂಬತ್ತು, ಅದೇ ಕ್ರಮ. ಬದಲಾಗುವುದು `printf` ಕೂತ ಜಾಗ. ಮನೆಯ ಊಟದಲ್ಲೂ ಹೀಗೇ ತಾನೇ? ಯಜಮಾನರು ಮೊದಲೇ ಉಂಡು ಮಕ್ಕಳನ್ನು ಕರೆಯುತ್ತಾರೆ, ಅಮ್ಮ ಎಲ್ಲರದ್ದೂ ಆದ ಮೇಲೆ ಕೂರುತ್ತಾಳೆ, ಮೊದಲ ಪಂಕ್ತಿ ಎದ್ದು ಎರಡನೆಯದು ಕೂರುವ ಮುಂಚೆ ನಡುವೆ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವವರೂ ಇರುತ್ತಾರೆ. ಅಡುಗೆ ಅದೇ, ಉಣ್ಣುವವರೂ ಅವರೇ.

ಹಾಗಾಗಿ ಮರ ಒಂದೇ ಸಾಕು. 50ರ ಎಡಭುಜದಿಂದ ಹೊರಟು ಪೆನ್ಸಿಲ್ ಎತ್ತದೆ ಮರದ ಹೊರ ಅಂಚನ್ನೇ ಸವರುತ್ತ ಒಂದು ಸುತ್ತು ಬಂದರೆ ಪ್ರತಿ ನೋಡ್‌ನ ಎಡ, ಅಡಿ, ಬಲ ಮೂರೂ ಕಡೆ ಹಾಯುತ್ತೇವೆ. ಎಡದಲ್ಲಿ ಹಾಯ್ದಾಗ ಬರೆದದ್ದು ಪ್ರಿಆರ್ಡರ್: 50 30 40 70. ಅಡಿಯಲ್ಲಿ ಹಾಯ್ದಾಗ ಇನ್‌ಆರ್ಡರ್: 30 40 50 70. ಬಲದಲ್ಲಿ ಹಾಯ್ದಾಗ ಪೋಸ್ಟ್‌ಆರ್ಡರ್: 40 30 70 50.

ಬರೆದಾದ ಮೇಲೆ ತಾಳೆ ನೋಡಲು ಅರ್ಧ ನಿಮಿಷ ಸಾಕು. ಇದು ಸರ್ಚ್ ಟ್ರೀ ಆದ್ದರಿಂದ ಇನ್‌ಆರ್ಡರ್ ಏರಿಕೆ ಕ್ರಮದಲ್ಲೇ ಇರಬೇಕು. ಆ 40 30 ಹುಡುಗ ಅಲ್ಲೇ ಸಿಕ್ಕಿಬೀಳುತ್ತಿದ್ದ. ಬೇರು ಪ್ರಿಆರ್ಡರ್‌ನಲ್ಲಿ ಮೊದಲು, ಪೋಸ್ಟ್‌ಆರ್ಡರ್‌ನಲ್ಲಿ ಕೊನೆ. ಸರ್ಚ್ ಟ್ರೀ ಅಲ್ಲದ ಮರಕ್ಕೂ ಒಂದು ಉಪಾಯವಿದೆ: ಎಲೆಗಳು, ಇಲ್ಲಿ 40 ಮತ್ತು 70, ಮೂರು ಸಾಲಿನಲ್ಲೂ ಎಡದಿಂದ ಬಲಕ್ಕೆ ಅದೇ ಕ್ರಮದಲ್ಲಿ ಬರುತ್ತವೆ. ಒಂದು ಸಾಲಿನಲ್ಲಿ ಹಿಂದುಮುಂದಾಗಿದ್ದರೆ ಆ ಸಾಲು ತಪ್ಪು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಕೊನೆಯ ಬೆಂಚಿನಿಂದ ಕೈಯೊಂದು ಮೇಲೆದ್ದಿತು. “ಹಾಗಾದ್ರೆ ಸಾರ್, ಬರೀ ಎಲೆ ಬರೆದಿಟ್ರೆ ಮೂರಕ್ಕೂ ಸ್ಟೆಪ್ ಮಾರ್ಕ್ಸ್ ಕೊಡ್ತೀರಾ?”