ಲೀಡರ್ ಮತ್ತು ಮಿನಿ ಪ್ರಾಜೆಕ್ಟು

ಮೂರನೇ ಸೆಮಿಸ್ಟರಿನ ಇಲೆಕ್ಟ್ರಾನಿಕ್ಸ್ ಹುಡುಗರ ಪ್ರತಿ ತಂಡದಲ್ಲೂ ಒಬ್ಬ ಲೀಡರ್ ಇರುತ್ತಾನೆ. ಅವನನ್ನು ಯಾರೂ ಆರಿಸಿರುವುದಿಲ್ಲ. ಎಲ್ಲರಿಗಿಂತ ಮೊದಲು ಒಂದು ಪ್ಲಾಸ್ಟಿಕ್ ಫೈಲು ಕೊಂಡಿರುತ್ತಾನೆ, ಅಷ್ಟೇ ಅರ್ಹತೆ. ಫೈಲಿನೊಳಗೆ ಖಾಲಿ ಹಾಳೆ, ಹಾಳೆಯ ತಲೆಯ ಮೇಲೆ ಟೈಟಲ್ಲು. ಲ್ಯಾಬ್ ಇನ್‌ಸ್ಟ್ರಕ್ಟರ್ ಕುರ್ಚಿಯಲ್ಲಿ ಕೂತು ಇಂಥವರನ್ನು ಸಾಲಾಗಿ ಕಂಡವನು ನಾನು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ಬಸ್ಸು, ರೈಲು ಹಿಡಿದು ಬರುವ ಹುಡುಗರಲ್ಲಿ ಈ ಜಾತಿ ಮಳೆಗಾಲ ಮುಗಿಯುತ್ತಲೇ ತಲೆ ಎತ್ತುತ್ತದೆ.

ಈ ವರ್ಷದ ಲೀಡರ್ ಬ್ಯಾಡಗಿಯವನು. ತಂಡದಲ್ಲಿ ಇನ್ನಿಬ್ಬರು: ಲೆಕ್ಕ ಚುರುಕಾಗಿರುವ ಹಾವೇರಿಯ ಹುಡುಗಿ, ಮತ್ತು ಮಾವನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೈ ಸುಟ್ಟುಕೊಂಡು ಬೆಳೆದ ರಾಣೆಬೆನ್ನೂರಿನ ಹುಡುಗ. ನಾಲ್ಕನೆಯವನ ಹೆಸರು ಹಾಜರಿ ಪುಸ್ತಕದಲ್ಲಿದೆ.

ಸಬ್ಮಿಷನ್ನಿಗೆ ಆರು ವಾರ ಉಳಿದಾಗ ಲೀಡರ್ ನನ್ನ ಟೇಬಲ್ಲಿಗೆ ಬಂದ. “ಸರ, ರಾಣೆಬೆನ್ನೂರ ಅಭಯಾರಣ್ಯದಾಗ ಕೃಷ್ಣಮೃಗ ಎಣಿಸೋ ಡ್ರೋನ್ ಮಾಡ್ತೀವ್ರಿ.”

“ಅರಣ್ಯ ಇಲಾಖೆ ಪರ್ಮಿಷನ್?”

ಫೈಲು ಮುಚ್ಚಿತು. ಎರಡು ದಿನ ಬಿಟ್ಟು ಮತ್ತೆ ತೆರೆಯಿತು. ಈ ಸಲ ಹಾವೇರಿಯ ಏಲಕ್ಕಿ ಹಾರ ಪೋಣಿಸುವ ರೋಬೋಟು. ಮನುಷ್ಯರ ಬೆರಳಿಗೇ ತಾಳ್ಮೆ ಬೇಡುವ ಕೆಲಸ ಅದು. ಇವನ ಕೈಯಲ್ಲಿ ಶರ್ಟಿನ ಗುಂಡಿಯೂ ಸರಿಯಾಗಿ ಬೀಳುವುದಿಲ್ಲ. ನಾನು ಏನೂ ಅನ್ನಲಿಲ್ಲ, ಹಾವೇರಿಯ ಹುಡುಗಿ ನಕ್ಕಳು, ಸಾಕಾಯಿತು.

ನಾನು ಗೋಡೆಯ ಮೇಲಿನ ಲ್ಯಾಬ್ ವೇಳಾಪಟ್ಟಿ ತೋರಿಸಿದೆ. ಇದೇ ಲ್ಯಾಬಿನಲ್ಲಿ ಐದನೇ ಸೆಮಿಸ್ಟರಿನವರ ಪ್ರಾಕ್ಟಿಕಲ್ಲು, ಇವರದೇ ರೆಗ್ಯುಲರ್ ಪ್ರಾಕ್ಟಿಕಲ್ಲು, ನಡುವೆ ಇಂಟರ್ನಲ್ಸು. ಪ್ರಾಜೆಕ್ಟಿಗೆ ಉಳಿಯುವುದು ಶನಿವಾರ ಮಧ್ಯಾಹ್ನದ ಎರಡು ತಾಸು. ಆರು ವಾರ ಎಂದರೆ ಹನ್ನೆರಡು ತಾಸು, ಅದರಲ್ಲಿ ಒಂದು ಶನಿವಾರ ಹಬ್ಬಕ್ಕೆ ಹೋಗುತ್ತದೆ. ಮುಗಿದ ಮೇಲೆ ಬೋರ್ಡಿನ ತಂತಿ ಪೂರ್ತಿ ಕಿತ್ತು ಕಪಾಟಿಗೆ ಇಡಬೇಕು, ಸೋಮವಾರ ಅದೇ ಬೋರ್ಡು ಬೇರೆ ಬ್ಯಾಚಿಗೆ. “ಆರು ವಾರ ಅಂದ್ರ ಒಂದೂವರೆ ತಿಂಗಳಲ್ರೀ ಸರ” ಎಂದು ಲೀಡರ್ ಕ್ಯಾಲೆಂಡರ್ ತೋರಿಸಿದ. ಲೀಡರುಗಳು ಕ್ಯಾಲೆಂಡರ್ ನೋಡುತ್ತಾರೆ, ವೇಳಾಪಟ್ಟಿ ನೋಡುವುದಿಲ್ಲ.

ಮೂರನೆಯ ಟೈಟಲ್ಲು ಊರಿನ ಅಭಿಮಾನದ್ದು: ಮೆಣಸಿನಕಾಯಿಯ ತೇವ ಅಳೆಯುವ ಮೀಟರು. ಇದು ಹುಚ್ಚಲ್ಲ, ಒಪ್ಪಿಕೊಳ್ಳೋಣ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಕಾಯಿ, ಖಾರ ಕಡಿಮೆ, ಬಣ್ಣ ಕಡುಗೆಂಪು. ಮಾರ್ಕೆಟ್ಟಿನಲ್ಲಿ ಕಾಯಿ ಹಸಿ ಇದೆಯೋ ಒಣಗಿದೆಯೋ ಎಂಬುದರ ಮೇಲೆ ರೇಟು. ಹಳಬರು ಒಂದು ಹಿಡಿ ಎತ್ತಿ, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಬೀಜ ಗಲಗಲ ಅಂದರೆ ಒಣಗಿದೆ. ಲೀಡರನ ಕಾಕಾ ದಲಾಲಿ ಅಂಗಡಿಯಲ್ಲಿ ಇದೇ ಕೆಲಸ ಮಾಡುವವರು. “ಕಾಕಾನ ಕಿವಿ ಬದ್ಲಿ ನಮ್ಮ ಮೀಟರ್ ಸರ” ಎಂದ. ಕಾಕಾಗೆ ಹೇಳಿದ್ದಾನೋ ಇಲ್ಲವೋ ಕೇಳಲಿಲ್ಲ.

ಒಂದು ಶನಿವಾರ ಪರೀಕ್ಷೆ ಆಯಿತು. ಎರಡು ಸೂಜಿ, ನಡುವೆ ಕಡ್ಡಿ ಮೆಣಸಿನಕಾಯಿ, ಕೈಯಲ್ಲಿ ಸಣ್ಣ ಮಲ್ಟಿಮೀಟರು. ತೇವ ಹೆಚ್ಚಿದ್ದರೆ ರೋಧ ಕಡಿಮೆ, ಒಣಗಿದರೆ ಹೆಚ್ಚು, ತತ್ವ ಸರಿಯೇ. ಚೆನ್ನಾಗಿ ಒಣಗಿದ ಕಾಯಿಗೆ ಸೂಜಿ ಚುಚ್ಚಿದಾಗ ಪರದೆಯ ಎಡತುದಿಯಲ್ಲಿ 1 ಬಂತು. ಲೀಡರ್ ಕುಣಿದ: “ಸರ, ತೇವ ಒಂದೇ ಪರ್ಸೆಂಟ್!” ಆ ಮೀಟರಿನ ಅತಿ ದೊಡ್ಡ ರೇಂಜು ಎರಡು ಮೆಗಾ ಓಮ್. ಅದಕ್ಕಿಂತ ಮೇಲಿದ್ದರೆ ‘ನನ್ನ ಕೈಲಾಗದು’ ಎಂದು ಎಡಕ್ಕೆ ಒಂದೇ ಒಂದು 1 ತೋರಿಸಿ ಸುಮ್ಮನಾಗುತ್ತದೆ. ಆ ಕಾಯಿಯ ಬದಲು ಗಾಳಿ ಇಟ್ಟಿದ್ದರೂ ಅಷ್ಟೇ ಪರ್ಸೆಂಟು.

ಮತ್ತೊಂದು ಕಾಯಿ ಒಂದು ಮೆಗಾ ಚಿಲ್ಲರೆ ತೋರಿಸಿತು. ಅದು ಕಾಯಿಯ ಲೆಕ್ಕವಲ್ಲ, ಸೂಜಿಗಳ ಲೋಹವನ್ನೇ ಎರಡೂ ಕೈಯಲ್ಲಿ ಹಿಡಿದಿದ್ದ ಲೀಡರನ ಬೆವರಿನ ಲೆಕ್ಕ. ಕೈ ಬಿಡಿಸಿ ಸ್ವಲ್ಪ ಹಸಿ ಇದ್ದ ಕಾಯಿ ತಂದರೆ ಅಂಕಿ ನಿಲ್ಲಲೇ ಇಲ್ಲ, ನೋಡನೋಡುತ್ತ ಮೇಲೇರಿತು. ಹಾವೇರಿಯ ಹುಡುಗಿ ಸೂಜಿ ಅದಲುಬದಲು ಮಾಡಿದಳು, ಬೇರೆಯೇ ಅಂಕಿ ಬಂತು. ತೇವದ ವಸ್ತುವಿನಲ್ಲಿ ಡಿಸಿ ಹರಿಸಿದರೆ ಸೂಜಿಗಳ ಸುತ್ತ ಅಯಾನುಗಳು ಗುಂಪುಗೂಡಿ ಅಡ್ಡ ನಿಲ್ಲುತ್ತವೆ. ಸೂಜಿ ಬದಲಿಸಿದಾಗ ಅಂಕಿ ಬದಲಾದರೆ ಅದೇ ರೋಗ. ಎಸಿಯಲ್ಲಿ ಅಳೆಯಬೇಕು, ಇನ್‌ಪುಟ್ ಕರೆಂಟು ತೀರ ಕಡಿಮೆ ಇರುವ ಆಪ್-ಆಂಪ್ ಬೇಕು, ಸುಕ್ಕು ಸಿಪ್ಪೆಯ ಮೇಲೆ ಸೂಜಿ ಎಲ್ಲ ಕಡೆ ಒಂದೇ ಸಮ ಕೂರಬೇಕು, ಆಮೇಲೆ ಒಲೆಯಲ್ಲಿ ಒಣಗಿಸಿ ತೂಗಿದ ಕಾಯಿಗಳ ಜೊತೆ ಹೋಲಿಸಿ ಪರ್ಸೆಂಟು ಬರೆಯಬೇಕು. ಮಾಡಬಹುದು. ಹತ್ತು ತಾಸಿನಲ್ಲಿ ಆಗುವುದಿಲ್ಲ.

ಆ ಕಾಯಿಗಳನ್ನೇ ಕಾಕಾಗೆ ತೋರಿಸಿದರಂತೆ. ಕಿವಿಗೆ ಹಿಡಿದು ಒಂದೇ ಏಟಿಗೆ ಮೂರೂ ಬೇರೆ ಮಾಡಿಟ್ಟರಂತೆ.

ಇಷ್ಟಾಗುವಾಗ ಒಂದು ವಾರ ಹೋಯಿತು. ರಾಣೆಬೆನ್ನೂರಿನ ಹುಡುಗ ಅಲ್ಲಿಯವರೆಗೆ ಬಾಯಿ ಬಿಟ್ಟವನಲ್ಲ. “ಲೇ, ನಮ್ಮೂರ ಟೀವಿ ರಿಪೇರಿ ಅಂಗಡ್ಯಾಗ ಏನ್ ಸಿಗ್ತದ ನೋಡ್ಕೊಂಡ್ ಬರ್ತೀನಿ, ಅದರಾಗ ಪ್ರಾಜೆಕ್ಟ್ ಮಾಡೂಣು” ಎಂದ. ಇಡೀ ಸೆಮಿಸ್ಟರಿನಲ್ಲಿ ನಾನು ಕೇಳಿದ ಅತ್ಯುತ್ತಮ ವಿನ್ಯಾಸದ ಮಾತು ಅದು. ಲೀಡರನಿಗೆ ಮಾತ್ರ ಅವಮಾನವಾಯಿತು. ಅಂಗಡಿಯಿಂದ LM358, BC547, ಐದು ವೋಲ್ಟಿನ ರಿಲೇ, ಡಯೋಡು ಬಂದವು. LM35 ಒಂದನ್ನು ಮಾತ್ರ ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ತರಿಸಿದರು. ಎರಡು ತರಿಸಿ ಎಂದಿದ್ದೆ. ಲೀಡರ್ ಉಳಿತಾಯ ಮಾಡಿದ.

ಪ್ರಾಜೆಕ್ಟು ಇಳಿದು ಇಳಿದು ಇಲ್ಲಿಗೆ ಬಂತು: ಕಾಯಿ ಒಣಗಿಸುವ ಡಬ್ಬಿಯ ಶಾಖವನ್ನು 50 ಡಿಗ್ರಿಗೆ ಕಾಯುವುದು. LM35 ಪ್ರತಿ ಡಿಗ್ರಿಗೆ ಹತ್ತು ಮಿಲಿವೋಲ್ಟ್ ಕೊಡುತ್ತದೆ, 50 ಡಿಗ್ರಿ ಎಂದರೆ ಅರ್ಧ ವೋಲ್ಟು. ಅದನ್ನು ಅರ್ಧ ವೋಲ್ಟಿನ ರೆಫರೆನ್ಸ್ ಜೊತೆ ಹೋಲಿಸಿ, ತಣ್ಣಗಿದ್ದರೆ ರಿಲೇ ಹಾಕಿ ಬಲ್ಬು ಹೊತ್ತಿಸುವುದು, ಬಿಸಿಯಾದರೆ ಆರಿಸುವುದು. 230 ವೋಲ್ಟನ್ನು ಹಂಚಿಕೊಂಡ ಬೆಂಚಿನ ಮೇಲೆ ನಾನು ಬಿಡುವುದಿಲ್ಲ, ಆದ್ದರಿಂದ 12 ವೋಲ್ಟ್, 10 ವ್ಯಾಟಿನ ಗಾಡಿ ಬಲ್ಬು. ಸ್ವಂತ ಬ್ರೆಡ್‌ಬೋರ್ಡು ಕೊಂಡು ಟಿಫಿನ್ ಡಬ್ಬಿಯಲ್ಲಿಟ್ಟರು. ಇನ್ನು ತಂತಿ ಕೀಳಬೇಕಾಗಿಲ್ಲ. ಸೆನ್ಸರ್ ಬರುವವರೆಗೆ ಅದರ ಜಾಗದಲ್ಲಿ ಒಂದು ಪಾಟ್ ಕೂರಿಸಿ, ತಿರುವಿ ತಿರುವಿ ರಿಲೇ ಪರೀಕ್ಷೆ ಹಾಸ್ಟೆಲಿನಲ್ಲೇ ನಡೆಯಿತು. ಹೀಗೆ ಲ್ಯಾಬಿನ ತಾಸು ಉಳಿದವು.

ಸೆನ್ಸರ್ ಬಂದ ದಿನ ಲೀಡರ್ ತಾನೇ ಕೂರಿಸಿದ. ಚಪ್ಪಟೆ ಮುಖ ನಮ್ಮ ಕಡೆ ಇದ್ದರೆ ಎಡದಿಂದ ಸಪ್ಲೈ, ಔಟ್‌ಪುಟ್, ಗ್ರೌಂಡು. ಇವನು ಬೆನ್ನ ಕಡೆಯಿಂದ ನೋಡಿದ. “ಸರ, ಭಾಳ ಸೆನ್ಸಿಟಿವ್ ಐತ್ರಿ, ನೋಡ್ರಿ ಎಷ್ಟ್ ಬಿಸಿ” ಎಂದು ಮುಟ್ಟಿ ಬೆರಳು ಸುಟ್ಟುಕೊಂಡ. ಸೆನ್ಸರ್ ಶಾಖ ಅಳೆಯುತ್ತಿರಲಿಲ್ಲ, ತಾನೇ ಕುದಿಯುತ್ತಿತ್ತು. ಎರಡನೆಯದು ಬರಲು ಇನ್ನೊಬ್ಬರು ಹುಬ್ಬಳ್ಳಿಗೆ ಹೋಗಬೇಕಾಯಿತು.

ಆಮೇಲಿನ ಶನಿವಾರ ರಿಲೇ 50ರ ಹತ್ತಿರ ಬಂದು ಟಕಟಕಟಕ ಬಡಿಯತೊಡಗಿತು. ಮೆಣಸಿನಕಾಯಿ ಬಿಟ್ಟು ಮಿಡತೆ ಹಿಡಿದಿದ್ದಾರೋ ಎಂದು ಪಕ್ಕದ ಬೆಂಚಿನವರು ನೋಡಿದರು. ಎರಡು ತಪ್ಪು ಒಟ್ಟಿಗೆ ಕೂತಿದ್ದವು. ಒಂದು, ಹೊತ್ತುವ ಶಾಖಕ್ಕೂ ಆರುವ ಶಾಖಕ್ಕೂ ಅಂತರವೇ ಇರಲಿಲ್ಲ. ಹಾವೇರಿಯ ಹುಡುಗಿ ಎರಡು ಡಿಗ್ರಿ ಅಂತರ, ಅಂದರೆ 20 ಮಿಲಿವೋಲ್ಟ್ ಬೇಕೆಂದು ಲೆಕ್ಕ ಹಾಕಿದಳು. ಐದು ವೋಲ್ಟಿನ ಮೇಲೆ LM358ರ ಔಟ್‌ಪುಟ್ ಸುಮಾರು 3.5ಕ್ಕೇ ನಿಲ್ಲುತ್ತದೆ. ರೆಫರೆನ್ಸ್ ದಾರಿಯಲ್ಲಿ 10 ಕಿಲೋ, ಔಟ್‌ಪುಟ್ಟಿನಿಂದ ಹಿಂದಕ್ಕೆ 1.8 ಮೆಗಾ ಇಟ್ಟರೆ ಹತ್ತಿರತ್ತಿರ ಅಷ್ಟೇ ಬರುತ್ತದೆ. ಆದರೂ ಟಕಟಕ ಪೂರ್ತಿ ನಿಲ್ಲಲಿಲ್ಲ. ಇನ್ನೊಂದು ತಪ್ಪು ರಾಣೆಬೆನ್ನೂರಿನವನಿಗೆ ಸಿಕ್ಕಿತು. ರಿಲೇ ಎಳೆದಾಗ ಬ್ರೆಡ್‌ಬೋರ್ಡಿನ ಸಡಿಲ ರಂಧ್ರಗಳ ದಾರಿಯಲ್ಲಿ ಚಾರ್ಜರಿನಿಂದ ಬರುವ ಐದು ವೋಲ್ಟು 4.7ಕ್ಕೆ ಕುಸಿಯುತ್ತಿತ್ತು. ರೆಫರೆನ್ಸ್ ಅದೇ ಸಪ್ಲೈನಿಂದ ಬರುವುದರಿಂದ ಅದೂ 30 ಮಿಲಿವೋಲ್ಟ್ ಇಳಿದು, ಹುಡುಗಿಯ 20ನ್ನು ನುಂಗಿಹಾಕುತ್ತಿತ್ತು. ಅವನು ರಿಲೇಯ ತಂತಿಯನ್ನು ಬೋರ್ಡಿನಿಂದ ತೆಗೆದು ನೇರ ಚಾರ್ಜರಿನ ತುದಿಗೆ ಬೆಸೆದ. ಸದ್ದು ನಿಂತಿತು. ಲೀಡರ್ “ನಾನ ಅಂದಿದ್ದೆ” ಅಂದ. ಏನು ಅಂದಿದ್ದನೋ ಯಾರಿಗೂ ನೆನಪಿಲ್ಲ.

ಬಿಸ್ಕತ್ತಿನ ತಗಡಿನ ಡಬ್ಬಿ 34 ಡಿಗ್ರಿಗೇ ಹಟ ಹಿಡಿದು ನಿಂತದ್ದು ಇನ್ನೊಂದು ಕಥೆ. ತಗಡಿನ ಮೈಯಿಂದ ಹತ್ತು ವ್ಯಾಟೂ ಹೊರಗೆ ಸೋರುತ್ತಿತ್ತು. ಹೊರಗಡೆಯಿಂದ ಥರ್ಮಾಕೋಲ್ ಅಂಗಿ ತೊಡಿಸಿದ ಮೇಲೆ 50 ಮುಟ್ಟಿತು.

ಉಳಿದದ್ದು ಟೈಟಲ್ಲು. ಲೀಡರ್ ‘ರೈತರ ಮೆಣಸಿನಕಾಯಿ ಒಣಗಿಸುವ ಸ್ಮಾರ್ಟ್ ಯಂತ್ರ’ ಎಂದು ಬರೆದಿದ್ದ. ಹತ್ತು ವ್ಯಾಟಿನ ಒಂದು ಹನಿಯೂ ಪೋಲಾಗದೆ ಎಲ್ಲವೂ ನೀರು ಆವಿ ಮಾಡಲು ಹೋದರೂ ತಾಸಿಗೆ 15 ಗ್ರಾಂ ಎಂದು ಹುಡುಗಿ ಹೇಳಿದಳು. “ಒಂದ್ ಚೀಲಕ್ಕ ಎಷ್ಟ್ ದಿನ ಆಕ್ಕತಿ?” ಎಂದು ರಾಣೆಬೆನ್ನೂರಿನವನು ಕೇಳಿದ. ‘ಶಾಖ ನಿಯಂತ್ರಕ’ ಎಂದಷ್ಟೇ ಆಯಿತು. ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದಾಗ ‘ಸ್ಮಾರ್ಟ್’ ಮಾತ್ರ ಹೇಗೋ ಒಳಗೆ ನುಸುಳಿತ್ತು.

ವೈವಾದ ದಿನ ಹೊರಗಿನಿಂದ ಬಂದ ಮೇಷ್ಟ್ರು ಲೀಡರನತ್ತ ತಿರುಗಿದರು. “ಈ 1.8 ಮೆಗಾ ಯಾಕ್ ಹಾಕೀರಿ?”

“ಸರ, ಅದು ನಮ್ಮ ಡಿಸೈನ್ ವಿಭಾಗರಿ” ಎಂದು ಹುಡುಗಿಯತ್ತ ಕೈ ತೋರಿಸಿದ. ಅವಳು ಹೇಳಿದಳು.

“ಆಯ್ತು. ಸೆನ್ಸರ್ ತಂತಿ ಹರಿದ್ರ ಏನಾಗ್ತದ? ಬಲ್ಬ್ ಉರೀತಾನ ಇದ್ದು ಕಾಯಿ ಸುಟ್ಟ್ ಹೋಗಂಗಿಲ್ಲೇನು?”

“ಹರಿಯಂಗಿಲ್ರಿ ಸರ.”

ಮೇಷ್ಟ್ರು ಔಟ್‌ಪುಟ್ಟಿನ ತಂತಿಯನ್ನು ಚಕ್ಕನೆ ಕಿತ್ತರು. ಮೂವರ ಮುಖವೂ ಬಿಳಿಚಿತು, ಯಾಕೆಂದರೆ ಇದನ್ನು ಯಾರೂ ಪರೀಕ್ಷಿಸಿರಲಿಲ್ಲ. ಟಕ್ ಎಂದು ರಿಲೇ ಬಿಟ್ಟು ಬಲ್ಬು ಆರಿತು. LM358ರ ಇನ್‌ಪುಟ್ಟಿನಿಂದ ಸಣ್ಣ ಕರೆಂಟು ಹೊರಗೆ ಹರಿಯುತ್ತದೆ. ತಂತಿ ಇಲ್ಲದಿದ್ದರೆ ಆ ಕಾಲು ತಾನೇ ಮೇಲೇರಿ, ಡಬ್ಬಿ ಬಿಸಿಯಾಗಿದೆ ಎಂದೇ ಸರ್ಕ್ಯೂಟಿಗೆ ಕಾಣುತ್ತದೆ. ಅದು ಐಸಿಯ ಸ್ವಭಾವ, ಇವರ ಪುಣ್ಯ.

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವನು ಲೀಡರ್. ಫೈಲು ತೆರೆದು ಪೆನ್ನು ತೆಗೆದ.

“ಸೇಫ್ಟಿ ಫೀಚರ್ ಸರ. ರಿಪೋರ್ಟಿನಾಗ ಬರೆಯೋದ್ ಉಳಿದಿತ್ತು.”