ಎರಡೇ ಎರಡು ಮಾತಿನ ಹುಡುಗ

ಫೆಬ್ರವರಿ ಬಂತೆಂದರೆ ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸರಸ್ವತಿ ಪೂಜೆ ಮತ್ತು ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ ಒಂದೇ ಶಾಮಿಯಾನದಡಿ ನಡೆದುಹೋಗುತ್ತವೆ. ಕೇಸರಿಬಾತಿನ ಖರ್ಚು ಒಂದೇ ಸಲಕ್ಕೆ ಮುಗಿಯಲಿ ಎಂಬ ಲೆಕ್ಕಾಚಾರ. ಅಲ್ಲಿ ಪ್ರತಿ ವರ್ಷವೂ ಒಬ್ಬ ಹುಡುಗ ಭಾಷಣಕ್ಕೆ ಏಳುತ್ತಾನೆ. ಊರು ಬೇರೆಯಾಗಬಹುದು, ಹೆಸರು ಬೇರೆಯಾಗಬಹುದು, ಹುಡುಗ ಮಾತ್ರ ಅವನೇ.

ಅಂಕ ನೋಡಿ ಆರಿಸಿದ ಹುಡುಗ ಇವನಲ್ಲ. ತರಗತಿಗೆ ಮೊದಲಿಗಳಾದ ಹುಡುಗಿ ಮೈಕ್ ಕಂಡರೆ ನಡುಗುತ್ತಾಳೆ. ಇವನಿಗೋ ಬೆಳಗಿನ ಪ್ರಾರ್ಥನೆಯಲ್ಲಿ ಪೇಪರ್ ಓದಿ ಓದಿ ಮೈಕಿನ ಜೊತೆ ಸಲಿಗೆ ಬೆಳೆದಿದೆ. "ನೀನೇ ಮಾತಾಡೋ, ಹೆಂಗೂ ಕ್ಲಾಸಲ್ಲಿ ಬಾಯಿ ಮುಚ್ಚಲ್ವಲ್ಲ" ಎಂದು ಕನ್ನಡ ಮೇಷ್ಟ್ರು ಹಿಂದಿನ ದಿನ ಹೇಳಿದ್ದೇ ಆಯ್ಕೆ ಪ್ರಕ್ರಿಯೆ.

ಇಸ್ತ್ರಿ ಮಾಡಿದ ಬಿಳಿ ಅಂಗಿ ಅಣ್ಣನದು, ಭುಜ ಮೊಣಕೈ ಕಡೆ ಇಳಿದಿದೆ. ಜೇಬಿನಲ್ಲಿ ನಾಲ್ಕಾಗಿ ಮಡಚಿದ ಹಾಳೆ. ಮೈಕನ್ನು ಎರಡು ಸಲ ತಟ್ಟಿ, "ನನಗೆ ಎರಡೇ ಎರಡು ಮಾತನಾಡಲು ಅವಕಾಶ ಮಾಡಿಕೊಟ್ಟ..." ಎಂದು ಶುರು ಮಾಡುತ್ತಾನೆ. ಆಮೇಲೆ ವೇದಿಕೆಯನ್ನು ಅಲಂಕರಿಸಿರುವ ಎಸ್‌ಡಿಎಂಸಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಪಂಚಾಯಿತಿ ಸದಸ್ಯರು, ದಾನಿಗಳು, ಮುಖ್ಯ ಶಿಕ್ಷಕರು. ಇಷ್ಟಕ್ಕೇ ಭಾಷಣದ ಅರ್ಧ ಮುಗಿದಿರುತ್ತದೆ. ಮಾಜಿ ಅಧ್ಯಕ್ಷರ ಹೆಸರು ಬಿಟ್ಟುಹೋದರೆ ಮುಂದಿನ ವರ್ಷ ಶಾಮಿಯಾನದ ದುಡ್ಡು ಬರುವುದಿಲ್ಲ. ಹಾಗಾಗಿ ಪಿಟಿ ಮೇಷ್ಟ್ರು ಪಕ್ಕದಲ್ಲೇ ನಿಂತು ಕಣ್ಣಲ್ಲೇ ಹಾಜರಿ ತೆಗೆದುಕೊಳ್ಳುತ್ತಾರೆ.

ನಿಜವಾದ ಸ್ವಾರಸ್ಯ ಇರುವುದು ಆ ಹಾಳೆಯಲ್ಲಿ. ಅದು ಇವನು ಬರೆದದ್ದಲ್ಲ. ಹೋದ ವರ್ಷದ ಭಾಷಣವನ್ನು ರಾತ್ರಿ ಕೂತು ನಕಲು ಮಾಡಿದ್ದು. ಹೋದ ವರ್ಷ ಮಾತಾಡಿದ್ದು ಹುಡುಗಿಯಾದ್ದರಿಂದ, "ನಿಮ್ಮ ಈ ವಿದ್ಯಾರ್ಥಿನಿಯನ್ನು ಮಗಳಂತೆ ಕಂಡಿರಿ" ಎಂದು ಗಟ್ಟಿಯಾಗಿ ಓದಿಬಿಡುತ್ತಾನೆ. ಹುಡುಗಿಯರ ಸಾಲು ಬಿದ್ದು ಬಿದ್ದು ನಗುತ್ತದೆ. ಅವನಿಗೆ ಕಾರಣ ಹೊಳೆಯುವುದಿಲ್ಲ. ತನ್ನ ಭಾಷಣ ಹಿಡಿಸಿತೆಂದು ಇನ್ನಷ್ಟು ಏರುದನಿ ಮಾಡುತ್ತಾನೆ. ಮುಂದೆ ಜ್ಞಾನದೇಗುಲ, ಶಿಲ್ಪಿ, ಉಳಿಪೆಟ್ಟು ಎಲ್ಲ ಸರದಿಯಂತೆ ಬರುತ್ತವೆ. ಉಳಿಪೆಟ್ಟು ಎಂದಾಗ ಇಂಗ್ಲಿಷ್ ಮೇಷ್ಟ್ರು ತಲೆ ತಗ್ಗಿಸಿ ವಾಚು ನೋಡಿಕೊಳ್ಳುತ್ತಾರೆ.

"ಗಣಿತವೆಂಬ ಕಬ್ಬಿಣದ ಕಡಲೆಯನ್ನು ಹುರಿಗಡಲೆ ಮಾಡಿಕೊಟ್ಟ" ಎಂದು ಹೊಗಳುವ ಸಾಲೂ ಹಾಳೆಯಲ್ಲಿದೆ. ಆ ಮೇಷ್ಟ್ರು ವರ್ಗವಾಗಿ ಬೇರೆ ತಾಲ್ಲೂಕಿಗೆ ಹೋಗಿ ಎಂಟು ತಿಂಗಳಾಯಿತು. ಹುದ್ದೆ ಖಾಲಿ. ಪಾಠ ಮಾಡಿದ್ದು ಅತಿಥಿ ಶಿಕ್ಷಕಿ. ಖಾಯಂ ಅಲ್ಲದವರಿಗೆ ವೇದಿಕೆಯಲ್ಲಿ ಕುರ್ಚಿ ಹಾಕುವ ಪದ್ಧತಿ ಇಲ್ಲವೆಂದೋ, ಕುರ್ಚಿ ಸಾಲಲಿಲ್ಲವೆಂದೋ ಅವರು ಸೌಂಡ್ ಸಿಸ್ಟಮ್ ಪಕ್ಕ ನಿಂತಿದ್ದಾರೆ. ಹೆಸರು ಓದಿ ತಲೆಯೆತ್ತಿದ ಹುಡುಗನ ಕಣ್ಣು ಅವರ ಮೇಲೆ ಬೀಳುತ್ತದೆ. ಅಲ್ಲಿಗೆ ಹಾಳೆ ಕೆಲಸ ಬಿಡುತ್ತದೆ.

"ಮಿಸ್, ನಿಮ್ ಹೆಸರು ಇದ್ರಲ್ಲಿ ಇಲ್ಲ. ಸಾರಿ ಮಿಸ್" ಎನ್ನುತ್ತಾನೆ. "ಮೊದಲ್ನೇ ಪೂರ್ವಸಿದ್ಧತೇಲಿ ನಂಗೆ 80ಕ್ಕೆ 11 ಬಂದಿತ್ತು. ಪಾಸಿಂಗ್ ಪ್ಯಾಕೇಜ್ ಅಂತ ಮಾಡಿ ದಿನಾ ನಕ್ಷೆ ಬಿಡಿಸಿದ್ರಿ, ಥೇಲ್ಸ್ ಪ್ರಮೇಯ ಬರೆಸಿದ್ರಿ. ನಾನು ಬೈಕೊಂಡೇ ಬರೆದೆ. ಎರಡ್ನೇದ್ರಲ್ಲಿ 31 ಬಂತು. ಮನೇಲಿ ನಂಬ್ಲಿಲ್ಲ, ಯಾರ್ದು ನೋಡಿ ಬರ್ದೆ ಅಂದ್ರು."

ಎರಡೇ ಎರಡು ಮಾತು ಎಂದವನು ಆಡಿದ ಸ್ವಂತ ಮಾತು ಇಷ್ಟು. ಇದರಲ್ಲಿ ಒಂದೂ ಉಪಮೆ ಇಲ್ಲ. ಮಿಸ್ ವೈರು ಸರಿಮಾಡುವ ನೆಪದಲ್ಲಿ ಬಗ್ಗುತ್ತಾರೆ. ಇವನಿಗೂ ಗಂಟಲು ಕಟ್ಟುತ್ತದೆ. ತಬ್ಬಿಬ್ಬಾಗಿ ಮತ್ತೆ ಹಾಳೆ ಹಿಡಿದು, "ನಮ್ಮಿಂದ ಏನಾದರೂ ತಪ್ಪಾಗಿದ್ದಲ್ಲಿ ದಯವಿಟ್ಟು ಕ್ಷಮಿಸಿ, ಜೈ ಹಿಂದ್, ಜೈ ಕರ್ನಾಟಕ" ಎಂದು ಒಂದೇ ಉಸಿರಿಗೆ ಓದಿ ಮುಗಿಸುತ್ತಾನೆ. ಒಡೆದ ಕಿಟಕಿ ಗಾಜೂ, ಮೇಷ್ಟ್ರ ಬೈಕಿನಿಂದ ಇಳಿದ ಗಾಳಿಯೂ ಆ "ಏನಾದರೂ" ಒಳಗೇ ಸೇರಿಕೊಂಡಿವೆ. ಆಮೇಲೆ ಹತ್ತನೇ ತರಗತಿಯವರು ಚಂದಾ ಎತ್ತಿ ತಂದ ಗೋಡೆ ಗಡಿಯಾರವನ್ನು ಹೆಡ್ ಮೇಷ್ಟ್ರಿಗೆ ಕೊಡುತ್ತಾರೆ. ಹಿಂದಿನ ತಂಡಗಳು ಕೊಟ್ಟ ಗಡಿಯಾರಗಳು ಸ್ಟಾಫ್ ರೂಮಿನಲ್ಲಿ ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿವೆ.

"ಈ ಶಾಲೆಯನ್ನು ಬಿಟ್ಟು ಹೋಗುತ್ತಿದ್ದೇವೆ" ಎಂದು ಅತ್ತವನು ಮರುದಿನ ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿಗೆ ಹಾಜರು. ಆಮೇಲೆ ಹಾಲ್ ಟಿಕೆಟ್‌ಗೆ ಬರುತ್ತಾನೆ, ಅಂಕಪಟ್ಟಿಗೆ ಬರುತ್ತಾನೆ. ಪರೀಕ್ಷೆ-1, ಪರೀಕ್ಷೆ-2 ಎಂದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಇರುವುದರಿಂದ ಅದೃಷ್ಟ ಕೈಕೊಟ್ಟರೆ ಮತ್ತೆ ಬರುತ್ತಾನೆ. ಕೊನೆಗೆ ಟಿ.ಸಿ.ಗೆ ಬಂದಾಗ ಗುಮಾಸ್ತರು ರಿಜಿಸ್ಟರ್ ತೆಗೆದು ಕೇಳುವುದು ಒಂದೇ: "ಎಂಟನೇ ಕ್ಲಾಸಲ್ಲಿ ಲೈಬ್ರರಿಯಿಂದ ಒಯ್ದ ಪುಸ್ತಕ ಎಲ್ಲೋ?" ಅದನ್ನು ತಂದುಕೊಡುವವರೆಗೆ ಟಿ.ಸಿ. ಕೊಡುವುದಿಲ್ಲ.